ಅಣ್ಣನಿಗಿಂತ ಎತ್ತರದ ತಂಗಿ: ಒಂದೇ ಮನೆಯ ಎರಡು ಅಂದಾಜು

2018ರ ಜೂನ್. ಶಾಲೆ ಶುರುವಾಗಿ ಎರಡು ವಾರ ಆಗಿತ್ತು. ನನ್ನ ಕ್ಲಿನಿಕ್‌ಗೆ ಒಂದು ಕುಟುಂಬ ಬಂತು. ಅಪ್ಪ, ಅಮ್ಮ, 13 ವರ್ಷದ ಮಗ, 10 ವರ್ಷ 8 ತಿಂಗಳ ಮಗಳು. ಬಾಗಿಲಲ್ಲಿ ನಿಂತಾಗಲೇ ವಿಷಯ ಏನೆಂದು ಗೊತ್ತಾಯಿತು. ತಂಗಿ ಅಣ್ಣನಿಗಿಂತ ಅರ್ಧ ಗೇಣು ಎತ್ತರ ಇದ್ದಳು. ಅವನು ಅವಳ ಪಕ್ಕ ನಿಲ್ಲದೆ ಅಮ್ಮನ ಹಿಂದೆ ಸರಿದುಕೊಂಡ.

ಅಪ್ಪನ ಕೈಯಲ್ಲಿ ಮೊಬೈಲ್ ಇತ್ತು. ಮಕ್ಕಳು ದೊಡ್ಡವರಾದಾಗ ಎಷ್ಟು ಎತ್ತರ ಆಗ್ತಾರೆ ಎಂದು ಲೆಕ್ಕ ಹಾಕಿ ಹೇಳುವ ಕ್ಯಾಲ್ಕುಲೇಟರ್ ಒಂದನ್ನು ಅವರು ಬಳಸಿದ್ದರು. ಮಗುವಿನ ವಯಸ್ಸು, ಈಗಿನ ಎತ್ತರ, ಅಪ್ಪ ಅಮ್ಮನ ಎತ್ತರ ಹಾಕಿದರೆ ಒಂದು ಸಂಖ್ಯೆ ಬರುತ್ತದೆ. ಮಗಳಿಗೆ 165 ಸೆಂ.ಮೀ. ಬಂದಿತ್ತು, ಮಗನಿಗೆ 162. "ಮೇಡಂ, ಇವನೇನು ತಂಗಿಗಿಂತ ಗಿಡ್ಡ ಆಗಿಯೇ ಉಳಿಯುತ್ತಾನಾ? ಇವಳನ್ನ ವಾಲಿಬಾಲ್‌ಗೆ ಹಾಕೋಣ ಅಂತ ಕೋಚ್ ಹೇಳ್ತಿದ್ದಾರೆ. ಐದೂವರೆ ಅಡಿ ಆಗೋದು ಗ್ಯಾರಂಟಿ ಅಂತಾರೆ. ಕ್ರೀಡಾ ಹಾಸ್ಟೆಲ್‌ಗೆ ಸೇರಿಸಿಬಿಡೋಣವಾ?" ಎಂದು ಕೇಳಿದರು.

ಎರಡು ಮಕ್ಕಳಿಗೂ ಅಪ್ಪ ಅಮ್ಮ ಅದೇ. ಲೆಕ್ಕವೂ ಅದೇ. ಆದರೂ ಆ ಲೆಕ್ಕ ಮಗಳ ವಿಷಯದಲ್ಲಿ ಒಂದು ಕಡೆಗೆ, ಮಗನ ವಿಷಯದಲ್ಲಿ ಇನ್ನೊಂದು ಕಡೆಗೆ ಜಾರಿತ್ತು. ಅದು ಹೇಗೆ ಎಂದು ತೋರಿಸಲು ಈ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಐದು ವರ್ಷ ಇಬ್ಬರನ್ನೂ ಅಳೆಯುತ್ತಾ ಬಂದೆ. ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ.

ಮೊದಲು ಅಪ್ಪ ಅಮ್ಮನನ್ನು ಅಳೆದೆ

ಅಪ್ಪ ತಮ್ಮ ಎತ್ತರ 5.6 ಎಂದರು, ಅಮ್ಮ 5.1 ಎಂದರು. ಕ್ಯಾಲ್ಕುಲೇಟರ್‌ಗೂ ಹಾಗೇ ಒತ್ತಿದ್ದರು. ಇಲ್ಲೇ ಮೊದಲ ಎಡವಟ್ಟು ಆಗಿತ್ತು.

ನಾವು ಮಾತಿನಲ್ಲಿ "ಐದು ಪಾಯಿಂಟ್ ಆರು" ಎಂದರೆ ಐದು ಅಡಿ ಆರು ಇಂಚು. ಅಂದರೆ 167.6 ಸೆಂ.ಮೀ. ಯಂತ್ರಕ್ಕೆ 5.6 ಅಡಿ ಎಂದರೆ ಐದು ಅಡಿ ಮತ್ತು ಒಂದು ಅಡಿಯ ಹತ್ತರಲ್ಲಿ ಆರು ಭಾಗ. ಅದು 170.7 ಸೆಂ.ಮೀ. ಆಗುತ್ತದೆ. ಮೂರು ಸೆಂಟಿಮೀಟರ್ ಸುಮ್ನೆ ಸೇರಿಬಿಟ್ಟಿತು. ಐದು ಅಡಿ ಹತ್ತು ಇಂಚಿನವರು 5.10 ಎಂದು ಒತ್ತಿದರೆ ಇನ್ನೂ ಕಷ್ಟ. ಯಂತ್ರ ಅದನ್ನು 5.1 ಎಂದೇ ಓದುತ್ತದೆ. 178 ಸೆಂ.ಮೀ. ಇರುವ ಮನುಷ್ಯ 155 ಆಗಿಬಿಡುತ್ತಾನೆ. ಹಾಗಾಗಿ ನಾನು ಅಡಿ ಇಂಚಿನ ಲೆಕ್ಕವನ್ನೇ ಬಿಟ್ಟು ಎಲ್ಲವನ್ನೂ ಸೆಂಟಿಮೀಟರಿನಲ್ಲಿ ಬರೆಯುತ್ತೇನೆ.

ಎರಡನೆಯದು ನೆನಪಿನ ತಪ್ಪು. ದೊಡ್ಡವರು ಹೇಳುವ ಎತ್ತರ ಸಾಮಾನ್ಯವಾಗಿ ನಿಜವಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇರುತ್ತದೆ. ಯಾವತ್ತೋ ಚಪ್ಪಲಿ ಹಾಕಿಕೊಂಡು ಅಳೆದದ್ದು ಇರಬಹುದು, ಯಾರೋ ಅಂದಾಜಿಗೆ ಹೇಳಿದ್ದೂ ಇರಬಹುದು. ಇಬ್ಬರನ್ನೂ ಗೋಡೆಯ ಅಳತೆಕೋಲಿಗೆ ನಿಲ್ಲಿಸಿದೆ. ಬರಿಗಾಲು, ಹಿಮ್ಮಡಿ ಗೋಡೆಗೆ, ನೋಟ ನೇರ. ಅಮ್ಮನ ತುರುಬು ಬಿಚ್ಚಿಸಿದೆ. ಅಪ್ಪ 165.0, ಅಮ್ಮ 152.0 ಬಂದರು. ಅಪ್ಪನಿಗೆ ಬೇಜಾರಾಯಿತು, ಇನ್ನೊಮ್ಮೆ ಅಳೆಯಿರಿ ಎಂದರು. ಅಳೆದೆ. ಅಷ್ಟೇ ಬಂತು.

ಈಗ ಅಪ್ಪ ಅಮ್ಮನ ಲೆಕ್ಕ. ಇಂಗ್ಲೆಂಡಿನ ಮಕ್ಕಳ ಬೆಳವಣಿಗೆಯ ತಜ್ಞ ಟ್ಯಾನರ್ ಮತ್ತು ಅವರ ಜೊತೆಗಾರರು 1970ರಲ್ಲಿ ರೂಢಿಗೆ ತಂದ ವಿಧಾನ ಇದು. ಗಂಡಸರು ಹೆಂಗಸರಿಗಿಂತ ಸರಾಸರಿ 13 ಸೆಂ.ಮೀ. ಎತ್ತರ. ಹಾಗಾಗಿ ಮಗನ ಲೆಕ್ಕದಲ್ಲಿ ಅಮ್ಮನ ಎತ್ತರಕ್ಕೆ 13 ಕೂಡಿಸುತ್ತೇವೆ, ಮಗಳ ಲೆಕ್ಕದಲ್ಲಿ ಅಪ್ಪನ ಎತ್ತರದಿಂದ 13 ಕಳೆಯುತ್ತೇವೆ. ಆಮೇಲೆ ಇಬ್ಬರ ಸರಾಸರಿ.

```
ಮಗ   = (165 + 152 + 13) ÷ 2 = 165
ಮಗಳು = (165 + 152 − 13) ÷ 2 = 152
```

ಇದರ ಸುತ್ತ ಎರಡೂ ಕಡೆಗೆ ಸುಮಾರು 8.5 ಸೆಂ.ಮೀ. ಬಿಡಬೇಕು. ಮಗ ಸುಮಾರು 156ರಿಂದ 174ರ ಒಳಗೆ ನಿಲ್ಲಬಹುದು, ಮಗಳು 143ರಿಂದ 161ರ ಒಳಗೆ. ಅಗಲವಾದ ಬೇಲಿ ನಿಜ. ಒಂದೇ ತಾಯಿಯ ಮಕ್ಕಳಲ್ಲೇ ಎತ್ತರದ ವ್ಯತ್ಯಾಸ ಎಷ್ಟಿರುತ್ತದೆ ಎಂದು ನೆನಪಿಸಿಕೊಂಡರೆ ಈ ಅಗಲ ಯಾಕೆ ಬೇಕು ಎಂದು ತಿಳಿಯುತ್ತದೆ, ಅಲ್ವಾ?

ಈ ಬೇಲಿ ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕ್ಯಾಲ್ಕುಲೇಟರ್ ಮಗಳಿಗೆ ಕೊಟ್ಟ 165 ಇದರ ಹೊರಗೆ ಬಿತ್ತು. ಹೊರಗೆ ಬಿದ್ದ ಮಾತ್ರಕ್ಕೆ ತಪ್ಪು ಎಂದಲ್ಲ. ಅಪ್ಪ ಅಮ್ಮ ಹೊಟ್ಟೆಗೆ ಸರಿಯಾಗಿಲ್ಲದೆ ಬೆಳೆದವರಾಗಿದ್ದರೆ ಮಕ್ಕಳು ಅವರ ಲೆಕ್ಕವನ್ನು ಮೀರಿ ಬೆಳೆಯುವುದು ನಮ್ಮಲ್ಲಿ ಸಾಮಾನ್ಯ. ಇವರಿಬ್ಬರ ಬಾಲ್ಯದಲ್ಲಿ ಅಂಥ ಕೊರತೆ ಇರಲಿಲ್ಲ. ಅಂದ ಮೇಲೆ ಮಗಳ ಸಂಖ್ಯೆ ಎಲ್ಲಿಂದ ಬಂತು ಎಂದು ನೋಡಲೇಬೇಕಿತ್ತು.

87 ಎಂಬ ಸಂಖ್ಯೆ

ಮಕ್ಕಳನ್ನು ಅಳೆದೆ. ಮಗಳು 146.0. ಮಗ 139.0. ಎರಡೆರಡು ಸಲ, ಬೆಳಿಗ್ಗೆ ಹತ್ತು ಗಂಟೆಗೆ. ದಿನವಿಡೀ ಓಡಾಡಿದರೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅದುಮಿ ಸಂಜೆಗೆ ಒಂದು ಸೆಂಟಿಮೀಟರಿನಷ್ಟು ಎತ್ತರ ಕಡಿಮೆ ಆಗುತ್ತದೆ. ಒಮ್ಮೆ ಬೆಳಿಗ್ಗೆ, ಇನ್ನೊಮ್ಮೆ ಸಂಜೆ ಅಳೆದರೆ ಬೆಳವಣಿಗೆ ನಿಂತೇಹೋಯಿತು ಎಂದು ಸುಮ್ನೆ ಗಾಬರಿಯಾಗುತ್ತದೆ.

ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ಪ್ರಕಟಿಸಿದ ಚಾರ್ಟಿನಲ್ಲಿ ಇಬ್ಬರ ಚುಕ್ಕೆಗಳನ್ನೂ ಇಟ್ಟೆ. 5ರಿಂದ 18 ವರ್ಷದ ನಮ್ಮ ಮಕ್ಕಳಿಗೆ ಈ ಚಾರ್ಟನ್ನೇ ಬಳಸುತ್ತೇವೆ. ಮಗಳ ಚುಕ್ಕೆ ಮೇಲಿನ ಗೆರೆಗಳ ನಡುವೆ ಬಿತ್ತು. ಮಗನ ಚುಕ್ಕೆ ಬಹಳ ಕೆಳಗೆ, ಕೊನೆಯ ಗೆರೆಯ ಹತ್ತಿರ ಬಿತ್ತು.

ಈಗಿನ ಎತ್ತರದಿಂದ ಮುಂದಿನ ಎತ್ತರವನ್ನು ಅಂದಾಜು ಮಾಡುವ ಸುಲಭ ದಾರಿ ಶೇಕಡಾವಾರು ಲೆಕ್ಕ. ಯಾವ ವಯಸ್ಸಿಗೆ ಮಗು ತನ್ನ ಪೂರ್ತಿ ಎತ್ತರದ ಶೇಕಡ ಎಷ್ಟನ್ನು ಮುಗಿಸಿರುತ್ತದೆ ಎಂಬುದಕ್ಕೆ ಪಟ್ಟಿಗಳಿವೆ. ಎರಡು ವರ್ಷದ ಮಗುವಿನ ಎತ್ತರವನ್ನು ಎರಡರಿಂದ ಗುಣಿಸಿ ಎನ್ನುವ ಹಳೆಯ ಮಾತು ಇದರದ್ದೇ ಒಂದು ತುಂಡು. ಆ ವಯಸ್ಸಿಗೆ ಸುಮಾರು ಅರ್ಧ ಮುಗಿದಿರುತ್ತದೆ. ಹೆಣ್ಣುಮಕ್ಕಳು ಅರ್ಧವನ್ನು ಇನ್ನೂ ಸ್ವಲ್ಪ ಮೊದಲೇ, ಒಂದೂವರೆ ವರ್ಷದ ಹೊತ್ತಿಗೆ ದಾಟಿರುತ್ತಾರೆ.

ಇವರಿಬ್ಬರ ವಿಷಯದಲ್ಲಿ ಒಂದು ಆಕಸ್ಮಿಕ ಇತ್ತು. 10 ವರ್ಷ 8 ತಿಂಗಳ ಹುಡುಗಿ ಸರಾಸರಿಯಾಗಿ ತನ್ನ ಎತ್ತರದ ಶೇ. 87ರ ಹತ್ತಿರ ಇರುತ್ತಾಳೆ. 13 ವರ್ಷದ ಹುಡುಗನೂ ಶೇ. 87ರ ಹತ್ತಿರವೇ ಇರುತ್ತಾನೆ. ಹೆಣ್ಣುಮಕ್ಕಳು ಎರಡು ವರ್ಷದಷ್ಟು ಮುಂದೆ ಇರುವುದರಿಂದ ಹೀಗೆ. ಅಂದರೆ ಇಬ್ಬರಿಗೂ ಭಾಗಿಸುವ ಸಂಖ್ಯೆ ಒಂದೇ.

```
ಮಗಳು: 146 ÷ 0.87 = 168
ಮಗ:   139 ÷ 0.87 = 160
```

ಕ್ಯಾಲ್ಕುಲೇಟರ್ ಹೇಳಿದ 165 ಮತ್ತು 162 ಇಲ್ಲಿಂದಲೇ ಬಂದದ್ದು ಎಂದು ನನಗೆ ಅನಿಸಿತು. ಇಂಥ ಲೆಕ್ಕಗಳು ಮಗುವಿನ ಈಗಿನ ಎತ್ತರಕ್ಕೆ ಹೆಚ್ಚು ತೂಕ ಕೊಟ್ಟು, ಅಪ್ಪ ಅಮ್ಮನ ಎತ್ತರವನ್ನು ಸ್ವಲ್ಪ ಬೆರೆಸಿ ಒಂದು ಸಂಖ್ಯೆ ಕೊಡುತ್ತವೆ. ಹೀಗೆ ಬೆರೆಸುವುದು ತಪ್ಪಲ್ಲ. ಖಾಮಿಸ್ ಮತ್ತು ರೋಷ್ 1994ರಲ್ಲಿ ಪ್ರಕಟಿಸಿದ, ತುಂಬಾ ಬಳಕೆಯಲ್ಲಿರುವ ವಿಧಾನವೂ ಈ ಜಾತಿಯದೇ. ಅದರಲ್ಲಿ ಮಗುವಿನ ತೂಕವೂ ಸೇರುತ್ತದೆ. ಅಮೆರಿಕದ ಓಹಾಯೋದಲ್ಲಿ ದಶಕಗಳ ಕಾಲ ಅಳೆದ ಮಕ್ಕಳಲ್ಲಿ ಅದು ಹತ್ತರಲ್ಲಿ ಒಂಬತ್ತು ಜನಕ್ಕೆ ಸುಮಾರು 5 ಸೆಂ.ಮೀ. ಒಳಗೆ ಸರಿಬಂದಿತ್ತು. ಎಕ್ಸ್‌ರೇ ಇಲ್ಲದೆ ಅಷ್ಟು ಸಿಗುವುದು ಒಳ್ಳೆಯದೇ.

ಆದರೆ ಆ ಹತ್ತನೆಯ ಮಗು ಯಾರು? ಹೆಚ್ಚಾಗಿ ಅದು ತೀರಾ ಬೇಗ ಅಥವಾ ತೀರಾ ತಡವಾಗಿ ಬೆಳೆಯುವ ಮಗುವೇ ಆಗಿರುತ್ತದೆ. ಶೇ. 87 ಎನ್ನುವುದು ಸರಾಸರಿ ಹುಡುಗಿಯ ಲೆಕ್ಕ. ಹತ್ತರಿಂದ ಹದಿನಾಲ್ಕರ ನಡುವೆ ಈ ಶೇಕಡ ವರ್ಷಕ್ಕೆ ಸುಮಾರು ನಾಲ್ಕು ಅಂಕ ಏರುತ್ತದೆ. ಒಂದು ಅಂಕ ಆಚೀಚೆಯಾದರೆ ಉತ್ತರದಲ್ಲಿ ಸುಮಾರು ಎರಡು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಅಂದರೆ ಮಗುವಿನ ದೇಹ ಹುಟ್ಟಿದ ದಿನಾಂಕಕ್ಕಿಂತ ಒಂದು ವರ್ಷ ಮುಂದೆ ಅಥವಾ ಹಿಂದೆ ಇದ್ದರೆ ಅಂದಾಜು ಏಳೆಂಟು ಸೆಂಟಿಮೀಟರ್ ಜಾರುತ್ತದೆ. ಅಳತೆಕೋಲನ್ನು ಎಷ್ಟು ಜೋಪಾನವಾಗಿ ಹಿಡಿದರೂ ಈ ತಪ್ಪು ಸರಿಹೋಗುವುದಿಲ್ಲ.

ಯುಗಾದಿಯ ಗೆರೆಗಳು

ದೇಹ ಮುಂದಿದೆಯೋ ಹಿಂದಿದೆಯೋ ತಿಳಿಯಲು ಮೊದಲು ಬೇಕಾಗುವುದು ಹಳೆಯ ಅಳತೆಗಳು. ಈ ವಿಷಯದಲ್ಲಿ ಅಮ್ಮ ನನಗೆ ದೊಡ್ಡ ಉಪಕಾರ ಮಾಡಿದ್ದರು. ಪ್ರತಿ ಯುಗಾದಿಗೆ ಎಣ್ಣೆಸ್ನಾನ ಆದ ಮೇಲೆ ಮಕ್ಕಳನ್ನು ನಡುಮನೆಯ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು ಆ ಮನೆಯ ಪದ್ಧತಿ. ಅದರ ಮೇಲೆ ಟೇಪು ಹಿಡಿದು ಫೋಟೋ ಕಳಿಸಿ ಎಂದೆ. ಸಂಜೆಗೇ ಕಳಿಸಿದರು. ಪ್ರತಿ ವರ್ಷವೂ ಬೆಳಿಗ್ಗೆ ಹೊತ್ತಿಗೆ, ಬರಿಗಾಲಲ್ಲಿ, ಅದೇ ಜಾಗದಲ್ಲಿ ಅಳೆದದ್ದು. ಅನೇಕ ಶಾಲೆಗಳ ಆರೋಗ್ಯ ಕಾರ್ಡಿಗಿಂತ ಇದು ನಂಬಿಕೆಗೆ ಯೋಗ್ಯ.

ಒಂದು ತಿದ್ದುಪಡಿ ಬೇಕಿತ್ತು. ಯುಗಾದಿ ಪ್ರತಿ ವರ್ಷ ಅದೇ ದಿನಾಂಕಕ್ಕೆ ಬರುವುದಿಲ್ಲ. 2016ರಲ್ಲಿ ಏಪ್ರಿಲ್ 8ಕ್ಕೆ ಬಂದಿತ್ತು, 2018ರಲ್ಲಿ ಮಾರ್ಚ್ 18ಕ್ಕೇ ಬಂತು. ಎರಡು ಗೆರೆಗಳ ನಡುವಿನ ದಿನ ಎಣಿಸಿ, ಅದನ್ನು 12 ತಿಂಗಳಿಗೆ ಹೊಂದಿಸಿಕೊಂಡು ಬೆಳವಣಿಗೆಯ ವೇಗ ತೆಗೆದೆ.

ಮಗಳು ಎಂಟು ತುಂಬುವ ಹೊತ್ತಿಗೆ ವರ್ಷಕ್ಕೆ ಆರೂವರೆ ಸೆಂ.ಮೀ. ಬೆಳೆಯುತ್ತಿದ್ದಳು. ಮುಂದಿನ ವರ್ಷ ಎಂಟು. ಅದರ ಮುಂದಿನ ವರ್ಷ ಏಳು. ಕಳೆದ ಮೂರು ತಿಂಗಳ ಬೆಳವಣಿಗೆಯನ್ನು ವರ್ಷಕ್ಕೆ ಹಿಗ್ಗಿಸಿದರೆ ಆರು. ಅಂದರೆ ಹುಡುಗಿಯರ ಬೆಳವಣಿಗೆಯ ಓಟ ಇವಳಲ್ಲಿ ಒಂಬತ್ತರ ಆಸುಪಾಸಿನಲ್ಲೇ ತುದಿ ಮುಟ್ಟಿ ಇಳಿಯಲು ಶುರುವಾಗಿತ್ತು. ಅವಳ ಗೆಳತಿಯರ ಓಟ ಇನ್ನೂ ಶುರುವಾಗಬೇಕಿತ್ತು. ಅದಕ್ಕೇ ಅವಳು ತರಗತಿಯಲ್ಲಿ ಎಲ್ಲರಿಗಿಂತ ಎತ್ತರ ಕಾಣುತ್ತಿದ್ದಳು.

ಮಗನದು ಪೂರ್ತಿ ಬೇರೆ. ವರ್ಷಕ್ಕೆ 4.8, ಆಮೇಲೆ 4.5, ಆಮೇಲೆ 4.2. ಓಟ ಶುರುವಾಗುವ ಮುಂಚೆ ಹುಡುಗರಲ್ಲಿ ವೇಗ ಹೀಗೆ ನಿಧಾನಕ್ಕೆ ಇಳಿಯುತ್ತದೆ. ತಡವಾಗಿ ಬೆಳೆಯುವ ಹುಡುಗರಲ್ಲಿ ಈ ಇಳಿತ ಇನ್ನೂ ಒಂದೆರಡು ವರ್ಷ ಎಳೆಯುತ್ತದೆ. ಅದೇ ಹೊತ್ತಿಗೆ ಜೊತೆಯವರೆಲ್ಲ ಚಿಮ್ಮುತ್ತಿರುತ್ತಾರೆ. ಹಾಗಾಗಿ ಚಾರ್ಟಿನಲ್ಲಿ ಇವನು ಕೆಳಕ್ಕೆ ಜಾರಿದಂತೆ ಕಾಣುತ್ತದೆ.

ಅಮ್ಮನನ್ನು ಪಕ್ಕಕ್ಕೆ ಕರೆದು ಮಗಳ ಬಗ್ಗೆ ಕೇಳಿದೆ. "ಏಪ್ರಿಲ್‌ನಲ್ಲಿ ದೊಡ್ಡವಳಾದಳು ಮೇಡಂ. ಇಷ್ಟು ಬೇಗನಾ ಅಂತ ಅತ್ತೆ ಗಾಬರಿಯಾದರು" ಎಂದರು. ಎದೆ ಬೆಳವಣಿಗೆ ಎಂಟೂವರೆಯ ಹೊತ್ತಿಗೆ ಶುರುವಾಗಿತ್ತಂತೆ. ಎಂಟಕ್ಕಿಂತ ಮೊದಲು ಆಗಿದ್ದರೆ ಬೇರೆಯೇ ತನಿಖೆ ಬೇಕಾಗುತ್ತಿತ್ತು. ಇದು ಬೇಗ, ಆದರೆ ಸಹಜದ ಒಳಗೇ. ಅಮ್ಮನೂ ಹನ್ನೊಂದರ ಒಳಗೆ ದೊಡ್ಡವರಾದವರು.

ಎತ್ತರದ ಲೆಕ್ಕಕ್ಕೆ ಇದು ಬಹಳ ದೊಡ್ಡ ಸುಳಿವು. ಮುಟ್ಟು ಶುರುವಾದ ಮೇಲೆ ಹೆಚ್ಚಿನ ಹುಡುಗಿಯರು ಇನ್ನು 5ರಿಂದ 7 ಸೆಂ.ಮೀ. ಮಾತ್ರ ಬೆಳೆಯುತ್ತಾರೆ. ಬೇಗ ಮುಟ್ಟಾದವರು ಸ್ವಲ್ಪ ಜಾಸ್ತಿ ಬೆಳೆಯಬಹುದು. ಏಪ್ರಿಲ್‌ನಲ್ಲಿ ಅವಳು ಸುಮಾರು 145 ಇದ್ದಿರಬೇಕು. ಹಾಗಾದರೆ 150ರಿಂದ 153ರ ಸುತ್ತ ನಿಲ್ಲಬೇಕು. ಯಾವ ಯಂತ್ರವೂ ಬೇಡ, ಈ ಒಂದು ಪ್ರಶ್ನೆಯಿಂದಲೇ 165 ಅಲುಗಾಡಿತು. ಆ ಕ್ಯಾಲ್ಕುಲೇಟರಿನಲ್ಲಿ ಇದನ್ನು ತುಂಬುವ ಜಾಗವೇ ಇರಲಿಲ್ಲ.

ಹುಡುಗನನ್ನು ಪರೀಕ್ಷಿಸಿದೆ. ಗಂಡುಮಕ್ಕಳಲ್ಲಿ ಮೈ ಬಲಿಯುವುದರ ಮೊದಲ ಗುರುತು ಮೀಸೆಯಲ್ಲ, ದನಿ ಒಡೆಯುವುದೂ ಅಲ್ಲ. ವೃಷಣಗಳ ಗಾತ್ರ ಹೆಚ್ಚುವುದು. ದಾರಕ್ಕೆ ಪೋಣಿಸಿದ ಮಣಿಗಳಂಥ ಒಂದು ಸರ ಇದೆ, ಪ್ರತಿ ಮಣಿಯ ಮೇಲೂ ಅದರ ಗಾತ್ರ ಬರೆದಿರುತ್ತದೆ. ಅದರೊಂದಿಗೆ ಹೋಲಿಸಿ ನೋಡುತ್ತೇವೆ. 4 ಮಿ.ಲೀ. ಮುಟ್ಟಿದರೆ ಶುರುವಾಗಿದೆ ಎಂದರ್ಥ. ಇವನದು ಅಷ್ಟೇ, 4. ಹೊಸ್ತಿಲಲ್ಲಿ ನಿಂತಿದ್ದ.

ಅಪ್ಪನನ್ನು ಕೇಳಿದೆ, "ನೀವು ಯಾವಾಗ ಎತ್ತರ ಆದಿರಿ?" ಅವರು ಸ್ವಲ್ಪ ಯೋಚಿಸಿ ನಕ್ಕರು. "ಎಸ್ಸೆಸ್ಸೆಲ್ಸಿಯಲ್ಲಿ ಮುಂದಿನ ಬೆಂಚಿನಲ್ಲೇ ಕೂತಿದ್ದೆ ಮೇಡಂ. ಪಿಯುಸಿಗೆ ಬಂದ ಮೇಲೆ ಪ್ಯಾಂಟ್ ಎಲ್ಲ ಗಿಡ್ಡ ಆಗ್ತಾ ಬಂತು." ತಡವಾಗಿ ಬೆಳೆಯುವುದು ಮನೆತನದಲ್ಲಿ ಹರಿದುಬರುತ್ತದೆ. ಆ ಮಾತು ಕೇಳುತ್ತಿದ್ದ ಹುಡುಗ ಮೊದಲ ಬಾರಿಗೆ ತಲೆ ಎತ್ತಿ ಅಪ್ಪನನ್ನು ನೋಡಿದ.

ಹಾಗೆಂದು ಎಲ್ಲ ಗಿಡ್ಡ ಹುಡುಗರನ್ನೂ "ಆಮೇಲೆ ಬೆಳೀತಾನೆ ಬಿಡಿ" ಎಂದು ಕಳಿಸಬಾರದು. ಇದು ನನಗೆ ತುಂಬಾ ಮುಖ್ಯವಾದ ಮಾತು. ವರ್ಷಕ್ಕೆ 4 ಸೆಂ.ಮೀ.ಗಿಂತ ಕಡಿಮೆ ಬೆಳೆಯುತ್ತಿದ್ದರೆ, ತೂಕ ನಿಂತಿದ್ದರೆ, ಚಿಕ್ಕಂದಿನಿಂದ ಗೆರೆ ದಾಟಿ ಕೆಳಗಿಳಿಯುತ್ತಲೇ ಬಂದಿದ್ದರೆ ಕಾರಣ ಹುಡುಕಲೇಬೇಕು. ಇವನ ವೇಗ ಆ ಗಡಿಗೆ ತೀರಾ ದೂರ ಇರಲಿಲ್ಲ. ಆದ್ದರಿಂದ ರಕ್ತ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಎರಡೂ ಸರಿಯಿದ್ದವು.

ಎಡಗೈಯ ಎಕ್ಸ್‌ರೇ

ಇಬ್ಬರಿಗೂ ಎಡಗೈ ಮತ್ತು ಮಣಿಕಟ್ಟಿನ ಒಂದೊಂದು ಎಕ್ಸ್‌ರೇ ತೆಗೆಸಿದೆ. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೆದುವಾದ ಒಂದು ಪಟ್ಟಿ ಇರುತ್ತದೆ. ಉದ್ದ ಬೆಳೆಯುವುದು ಅಲ್ಲಿಂದಲೇ. ಎಕ್ಸ್‌ರೇಯಲ್ಲಿ ಅದು ಕಪ್ಪು ಸಂದಿನಂತೆ ಕಾಣುತ್ತದೆ. ಮೈ ಬಲಿತಂತೆ ಸಂದು ಕಿರಿದಾಗಿ ಕೊನೆಗೆ ಮುಚ್ಚುತ್ತದೆ. ಮುಚ್ಚಿದ ಮೇಲೆ ಯಾವ ಪುಡಿ ಕುಡಿಸಿದರೂ, ಎಷ್ಟು ಹೊತ್ತು ನೇತಾಡಿಸಿದರೂ ಎಲುಬು ಉದ್ದ ಆಗುವುದಿಲ್ಲ.

ಗ್ರೂಲಿಕ್ ಮತ್ತು ಪೈಲ್ ಎಂಬ ಇಬ್ಬರು ವಯಸ್ಸಿನ ಪ್ರಕಾರ ಇಂಥ ಎಕ್ಸ್‌ರೇಗಳನ್ನು ಜೋಡಿಸಿದ ಒಂದು ಅಟ್ಲಾಸ್ ಇದೆ, 1959ರ ಎರಡನೇ ಆವೃತ್ತಿಯನ್ನೇ ಇವತ್ತಿಗೂ ಬಳಸುತ್ತೇವೆ. ಮಗುವಿನ ಎಕ್ಸ್‌ರೇ ಯಾವ ಪುಟಕ್ಕೆ ಹೋಲುತ್ತದೋ ಅದೇ ಮೂಳೆ ವಯಸ್ಸು. ಅಟ್ಲಾಸಿನ ಮಕ್ಕಳು ಅಮೆರಿಕದವರು. ಇಬ್ಬರು ವೈದ್ಯರು ಓದಿದರೆ ಅರ್ಧ ವರ್ಷದ ವ್ಯತ್ಯಾಸ ಬರುವುದೂ ಉಂಟು. ಅದಕ್ಕೇ ನಾನು ಓದಿದ ಮೇಲೆ, ಮಕ್ಕಳ ವಯಸ್ಸು ಹೇಳದೆ ರೇಡಿಯಾಲಜಿ ಗೆಳತಿಯೊಬ್ಬಳಿಗೆ ತೋರಿಸಿದೆ. ವಯಸ್ಸು ಗೊತ್ತಿದ್ದರೆ ಕಣ್ಣು ಆ ಪುಟದ ಕಡೆಗೇ ಎಳೆಯುತ್ತದೆ.

ಇಬ್ಬರೂ ಓದಿದ್ದು ಒಂದೇ ಬಂತು. ಹತ್ತೂ ಮುಕ್ಕಾಲು ತುಂಬದ ಮಗಳ ಮೂಳೆ ವಯಸ್ಸು 13. ಹದಿಮೂರರ ಮಗನದು ಹನ್ನೊಂದೂವರೆ. ಜನನ ಪ್ರಮಾಣಪತ್ರದಲ್ಲಿ ಅಣ್ಣ ಎರಡು ವರ್ಷಕ್ಕಿಂತ ದೊಡ್ಡವನು. ಮೂಳೆಯ ಲೆಕ್ಕದಲ್ಲಿ ತಂಗಿಯೇ ಒಂದೂವರೆ ವರ್ಷ ಮುಂದೆ.

ಈಗ ಮತ್ತೆ ಅದೇ ಶೇಕಡಾವಾರು ಲೆಕ್ಕ. ಈ ಬಾರಿ ಹುಟ್ಟಿದ ದಿನಾಂಕದ ಬದಲು ಮೂಳೆ ವಯಸ್ಸು. ಬೇಯ್ಲಿ ಮತ್ತು ಪಿನ್ನೋ 1952ರಲ್ಲಿ ಇದಕ್ಕಾಗಿಯೇ ಪಟ್ಟಿ ಕೊಟ್ಟಿದ್ದಾರೆ. ಮೂಳೆ ವಯಸ್ಸು ನಿಜವಾದ ವಯಸ್ಸಿಗಿಂತ ಒಂದು ವರ್ಷಕ್ಕೂ ಹೆಚ್ಚು ಮುಂದಿದ್ದರೆ ಬೇರೆ ಪಟ್ಟಿ, ಹಿಂದಿದ್ದರೆ ಇನ್ನೊಂದು. ಮುಂದಿರುವವರ ಪಟ್ಟಿ ಕೆಲವೊಮ್ಮೆ ಜಾಸ್ತಿ ಎತ್ತರ ತೋರಿಸುತ್ತದೆ. ಹಾಗಾಗಿ ಮಗಳಿಗೆ ಸರಾಸರಿಯವರ ಪಟ್ಟಿಯನ್ನೂ ನೋಡಿದೆ.

```
ಮಗಳು: 146 ÷ 0.945 = 154.5   (ಮುಂದಿರುವವರ ಪಟ್ಟಿ)
       146 ÷ 0.958 = 152.4   (ಸರಾಸರಿ ಪಟ್ಟಿ)
ಮಗ:   139 ÷ 0.832 = 167     (ಹಿಂದಿರುವವರ ಪಟ್ಟಿ)
```

ಹಿಂದಿನ 168 ಮತ್ತು 160 ಈಗ ಅದಲುಬದಲಾದಂತೆ ಆಯಿತು. ಮಗಳ ಎತ್ತರದಲ್ಲಿ ಇನ್ನು ಉಳಿದಿದ್ದದ್ದು ನೂರಕ್ಕೆ ಐದು ಭಾಗದಷ್ಟು ಮಾತ್ರ. ಮಗನದು ಹದಿನೇಳು ಭಾಗ ಬಾಕಿ ಇತ್ತು. ಅಪ್ಪ ಅಮ್ಮನ ಲೆಕ್ಕ ಹೇಳಿದ 152 ಮತ್ತು 165ಕ್ಕೆ ಈ ಉತ್ತರಗಳು ಹತ್ತಿರ ಬಂದವು. ಮುಟ್ಟಿನ ಲೆಕ್ಕವೂ ಅಲ್ಲೇ ಬಂದಿತ್ತು. ಒಂದಕ್ಕೊಂದು ಸಂಬಂಧ ಇಲ್ಲದ ಮೂರು ದಾರಿಗಳು ಒಂದೇ ಊರಿಗೆ ಬಂದರೆ ನನಗೆ ಧೈರ್ಯ ಬರುತ್ತದೆ. ಒಂದು ದಾರಿ ಬೇರೆ ಕಡೆ ಹೋಗಿದ್ದರೆ ಸರಾಸರಿ ತೆಗೆದು ಮುಚ್ಚಿಹಾಕುತ್ತಿರಲಿಲ್ಲ. ಯಾಕೆ ಬೇರೆಯಾಯಿತು ಎಂದು ಹುಡುಕುತ್ತಿದ್ದೆ. ಎಷ್ಟೋ ಸಲ ಕಾಯಿಲೆ ಸಿಗುವುದೇ ಆ ಜಾಗದಲ್ಲಿ.

ಹೇಳಿದ್ದು, ಆಮೇಲೆ ಆದದ್ದು

ಮನೆಯವರಿಗೆ ಒಂದೊಂದು ಸಂಖ್ಯೆ ಕೊಡಲಿಲ್ಲ. ಮಗಳು 150ರಿಂದ 157ರ ನಡುವೆ, ಮಗ 162ರಿಂದ 171ರ ನಡುವೆ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಮಗನಿಗೆ ಜಾಸ್ತಿ ಅಗಲ ಕೊಡಲು ಕಾರಣ ಇದೆ. ಬಾಕಿ ಇರುವ ಬೆಳವಣಿಗೆ ಹೆಚ್ಚಿದ್ದಷ್ಟೂ ತಪ್ಪಿಗೆ ಜಾಗ ಹೆಚ್ಚು. ಮಗಳಿಗೆ ಉಳಿದಿದ್ದೇ ಏಳೆಂಟು ಸೆಂಟಿಮೀಟರ್, ಅದರಲ್ಲಿ ಎಷ್ಟು ತಾನೇ ತಪ್ಪಬಹುದು?

ಅಪ್ಪ ಚೀಟಿಯನ್ನು ತುಂಬಾ ಹೊತ್ತು ನೋಡಿದರು. "ಹಾಗಾದರೆ ಹಾಸ್ಟೆಲ್?" ಎಂದರು. ಎತ್ತರ ಆಗ್ತಾಳೆ ಅನ್ನೋ ಒಂದೇ ಕಾರಣಕ್ಕೆ ಹತ್ತು ವರ್ಷದ ಮಗಳನ್ನು ಮನೆಯಿಂದ ದೂರ ಕಳಿಸಬೇಡಿ ಎಂದು ನೇರವಾಗಿ ಹೇಳಿದೆ. ಆಟ ಇಷ್ಟ ಇದ್ದರೆ ಆಡಲಿ. ಅವಳನ್ನು ಕೇಳಿದೆ. "ಇಷ್ಟ, ಆದರೆ ಸ್ಮ್ಯಾಶ್ ಅಲ್ಲ, ಹಿಂದೆ ನಿಂತು ಚೆಂಡು ಎತ್ತೋದು ಇಷ್ಟ" ಎಂದಳು. ವಾಲಿಬಾಲಿನಲ್ಲಿ ಹಿಂದಿನ ಸಾಲಿನಲ್ಲೇ ಆಡುವ ಲಿಬೆರೊ ಎಂಬ ಜಾಗ ಇದೆ, ಅದಕ್ಕೆ ಎತ್ತರಕ್ಕಿಂತ ಚುರುಕು ಮುಖ್ಯ. ಅಪ್ಪನಿಗೆ ಅದು ಗೊತ್ತಿತ್ತು, ಆದರೆ ಮಗಳ ಜೊತೆ ಸೇರಿಸಿ ಯೋಚಿಸಿರಲಿಲ್ಲ.

ಹುಡುಗನಿಗೆ ಔಷಧಿ ಏನೂ ಬರೆಯಲಿಲ್ಲ. ಆರು ತಿಂಗಳಿಗೊಮ್ಮೆ ಬಾ, ಅಳೆಯೋಣ ಎಂದೆ. ಹದಿನಾಲ್ಕರ ಹೊತ್ತಿಗೆ ವೇಗ ಏರದೇ ಇದ್ದರೆ ಮತ್ತೆ ಎಲ್ಲ ನೋಡಬೇಕು ಎಂದು ಅಪ್ಪ ಅಮ್ಮನಿಗೆ ಹೇಳಿದ್ದೆ.

2019ರ ಜೂನ್‌ನಲ್ಲಿ ಅವನು 145. ವರ್ಷಕ್ಕೆ ಆರು ಸೆಂ.ಮೀ. ಓಟ ಶುರುವಾಗಿತ್ತು. ತಂಗಿ 150.4, ಇನ್ನೂ ಅವನಿಗಿಂತ ಎತ್ತರ. ಆಮೇಲೆ ಕೊರೊನಾ ಬಂತು, ಒಂದೂವರೆ ವರ್ಷ ಅವರು ಬರಲಿಲ್ಲ. 2021ರ ಜನವರಿಯಲ್ಲಿ ಬಂದಾಗ ಮಾಸ್ಕ್ ಹಾಕಿದ ಹುಡುಗನನ್ನು ನಾನು ಗುರುತಿಸಲಿಲ್ಲ. 158. ದನಿ ಒಡೆದಿತ್ತು. ತಂಗಿ 152.7. ಯಾವ ತಿಂಗಳಲ್ಲಿ ಅವಳನ್ನು ದಾಟಿದ ಎಂದು ಮನೆಯಲ್ಲಿ ಎಲ್ಲರಿಗೂ ನೆನಪಿತ್ತು. 2020ರ ಯುಗಾದಿಗೆ ಲಾಕ್‌ಡೌನ್ ಶುರುವಾಗಿ ಎಲ್ಲರೂ ಮನೆಯಲ್ಲೇ ಇದ್ದರು. ಚೌಕಟ್ಟಿನ ಮೇಲೆ ಇಬ್ಬರ ಗೆರೆಗಳೂ ಹತ್ತಿರ ಹತ್ತಿರ ಬಿದ್ದಿದ್ದವಂತೆ, ತಂಗಿಯದೇ ಒಂದು ಬೆರಳು ಮೇಲೆ. ಮಾವಿನ ಹಣ್ಣು ಮುಗಿಯುವಷ್ಟರಲ್ಲಿ ಅಣ್ಣ ಮುಂದೆ ಹೋಗಿದ್ದ.

2023ರ ಜೂನ್‌ನಲ್ಲಿ ಕೊನೆಯ ಬಾರಿ ಅಳೆದೆ. ಮಗನಿಗೆ 18 ತುಂಬಿತ್ತು, 166.5 ಸೆಂ.ಮೀ. ಹುಡುಗರು ಇದಾದ ಮೇಲೂ ಒಂದರ್ಧ ಸೆಂಟಿಮೀಟರ್ ಬೆಳೆಯುವುದುಂಟು. ಮಗಳು 153.0, ಎರಡು ವರ್ಷದಿಂದ ಹೆಚ್ಚುಕಡಿಮೆ ಅಷ್ಟೇ. ಹಿಂದಕ್ಕೆ ಲೆಕ್ಕ ಹಾಕಿದರೆ 2018ರ ಆ ದಿನ ಅವಳು ತನ್ನ ಎತ್ತರದ ಶೇ. 95 ಮುಗಿಸಿದ್ದಳು. ಅವನು ಶೇ. 83.5. ಇಬ್ಬರಿಗೂ 87 ಎಂದು ಹಿಡಿದಿದ್ದರಿಂದ ಮಗಳ ಲೆಕ್ಕದಲ್ಲಿ 15 ಸೆಂ.ಮೀ. ಹೆಚ್ಚು, ಮಗನ ಲೆಕ್ಕದಲ್ಲಿ ಆರೂವರೆ ಸೆಂ.ಮೀ. ಕಡಿಮೆ ಬಂದಿತ್ತು.

ನನ್ನ ಅಂದಾಜು ಇಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟವೂ ಇದೆ. ಮೂಳೆ ವಯಸ್ಸು ಹನ್ನೊಂದೂವರೆ ಎಂದು ಓದಿದ್ದನ್ನು ಹನ್ನೆರಡು ಎಂದು ಓದಿದ್ದರೆ ಮಗನ ಅಂದಾಜು 164.5ಕ್ಕೆ ಇಳಿಯುತ್ತಿತ್ತು. ಎಕ್ಸ್‌ರೇಯಲ್ಲಿ ಆ ಎರಡು ವಯಸ್ಸುಗಳ ನಡುವಿನ ವ್ಯತ್ಯಾಸ ತೀರಾ ಚಿಕ್ಕದು. ಚೀಟಿಯಲ್ಲಿ 162ರಿಂದ 171 ಎಂದು ಬರೆದದ್ದು ಅದಕ್ಕೇ.

ಆ ಚೀಟಿ ಇನ್ನೂ ಅಮ್ಮನ ಹತ್ತಿರ ಇದೆ. ಕೊನೆಯ ಸಲ ಬಂದಾಗ ಪರ್ಸಿನಿಂದ ತೆಗೆದು ತೋರಿಸಿದರು. ಮಗಳು ಅದನ್ನು ಇಸಿದುಕೊಂಡು, ಅಣ್ಣನ ಸಂಖ್ಯೆಯ ಮುಂದೆ 166.5 ಎಂದೂ ತನ್ನದರ ಮುಂದೆ 153 ಎಂದೂ ಪೆನ್ನಿನಲ್ಲಿ ಬರೆದಳು. ಅವಳು ಈಗ ತಾಲ್ಲೂಕು ತಂಡದಲ್ಲಿ ಲಿಬೆರೊ.